ಐದು ವರ್ಷದ ಸರ್ವಿಸ್ ಸೇರಿಸಿದರೂ ಏರದ ಪಿಂಚಣಿ

ಬೀಡಿ ಕಂಪನಿಯೊಂದರ ಪಿಎಫ್ ವಿಭಾಗದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. 2018ರಲ್ಲಿ ನಾನು ಕೊಟ್ಟ ಒಂದು ಸಲಹೆಯ ಬಗ್ಗೆ ಇವತ್ತಿಗೂ ಬೇಸರವಿದೆ.

ಬೀಡಿ ಕಟ್ಟುತ್ತಿದ್ದ ಒಬ್ಬ ಹೆಂಗಸಿಗೆ ಆ ವರ್ಷ 58 ತುಂಬಿತು. ನಮ್ಮಲ್ಲಿ ಅವರ ಸರ್ವಿಸ್ 11 ವರ್ಷ, ಕೊನೆಯ 60 ತಿಂಗಳ ಸರಾಸರಿ ವೇತನ 4,200 ರೂಪಾಯಿ. 10 ವರ್ಷ ದಾಟಿದ್ದರಿಂದ ಪಿಂಚಣಿಗೆ ಅರ್ಹತೆ ಇತ್ತು. ಪಿಂಚಣಿ ಅರ್ಜಿಯಾದ ಫಾರಂ 10ಡಿ ತುಂಬಿಸಿ ಕಳುಹಿಸಿದ್ದರೆ ಸಾಕಿತ್ತು. ಆದರೆ ಮಾತಿನ ನಡುವೆ ಅವರು, ಹಿಂದೆ ಇನ್ನೊಂದು ಕಂಪನಿಯಲ್ಲಿ ಐದು ವರ್ಷ ಕಟ್ಟಿದ್ದಾಗಿಯೂ ಆ ಪಿಎಫ್ ತೆಗೆದೇ ಇಲ್ಲವೆಂದೂ ಹೇಳಿದರು. ನಾನು ಕೂಡಲೇ, "ತಡೆಯಿರಿ ಅಮ್ಮ, ಅದನ್ನೂ ಸೇರಿಸೋಣ, ಪಿಂಚಣಿ ಜಾಸ್ತಿಯಾಗುತ್ತದೆ" ಎಂದು ಹಳೆಯ ಖಾತೆಯನ್ನು ವರ್ಗಾಯಿಸುವ ಅರ್ಜಿ ಫಾರಂ 13 ಹಾಕಿಸಿದೆ.

ಹಳೆಯ ಕಂಪನಿಯ ದಾಖಲೆಯಲ್ಲಿ ಅವರ ತಂದೆಯ ಹೆಸರಿತ್ತು, ನಮ್ಮಲ್ಲಿ ಗಂಡನ ಹೆಸರಿತ್ತು; ಅದನ್ನು ಸರಿಪಡಿಸಿ ಹಳೆಯ ಖಾತೆಯ ಹಣ ಮತ್ತು ಸರ್ವಿಸ್ ವಿವರದ ಪತ್ರವಾದ ಅನೆಕ್ಷರ್-ಕೆ ಬರುವ ಹೊತ್ತಿಗೆ ಏಳು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಅವರು ಹತ್ತಾರು ಸಲ ಕಚೇರಿಗೆ ಅಲೆದಿದ್ದರು, ಮನೆ ಖರ್ಚಿಗೆ ಸಾಲವನ್ನೂ ಮಾಡಿದ್ದರು. ನಮ್ಮ ಆಡಳಿತ ವರ್ಗ ಹೆಸರಿನ ತಿದ್ದುಪಡಿಯ ಜಂಟಿ ಘೋಷಣೆಗೆ ಸಹಿ ಹಾಕಲು ತೆಗೆದುಕೊಂಡ ಐದು ವಾರವೂ ಈ ಏಳು ತಿಂಗಳಲ್ಲಿ ಸೇರಿದೆ.

ಪಿಂಚಣಿ ಮಂಜೂರಾತಿ ಆದೇಶವಾದ ಪಿಪಿಒ ಬಂದ ಮೇಲೆ ಒಂದು ದಿನ ಅವರು ಪಾಸ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟರು. ಬಾಕಿ ಹಣ ಒಟ್ಟಿಗೆ ಜಮೆಯಾಗಿತ್ತು, ಅದರ ಕೆಳಗಿನ ಸಾಲಿನಲ್ಲಿ ಆ ತಿಂಗಳ ಪಿಂಚಣಿ 1,000 ರೂಪಾಯಿ ಎಂದಿತ್ತು. "ನಮ್ಮ ಪಕ್ಕದ ಮನೆಯವಳಿಗೆ ಹನ್ನೊಂದೇ ವರ್ಷ, ಅವಳಿಗೂ ಸಾವಿರವೇ ಬರುತ್ತದೆ. ನನ್ನ ಐದು ವರ್ಷ ಎಲ್ಲಿ ಹೋಯಿತು ಸಾರ್?" ಎಂದು ಕೇಳಿದರು. ಲೆಕ್ಕ ತಪ್ಪಿರಬೇಕೆಂದು ಧೈರ್ಯವಾಗಿ ಹೇಳಿ ಪಿಪಿಒ ತೆರೆದೆ. 16 ವರ್ಷವೂ ಅದರಲ್ಲಿ ನಮೂದಾಗಿತ್ತು. ಅವರ ಎದುರಿಗೇ ಕ್ಯಾಲ್ಕುಲೇಟರ್ ತೆಗೆದುಕೊಂಡು ಮೂರು ಸಲ ಲೆಕ್ಕ ಹಾಕಿದೆ. ಮೂರನೆಯ ಸಲ ಮುಗಿಸಿದಾಗ ತಪ್ಪು ಯಾರದೆಂದು ತಿಳಿಯಿತು, ಆದರೆ ಅದನ್ನು ಬಾಯಿಬಿಟ್ಟು ಹೇಳಲು ಬಹಳ ಹೊತ್ತು ಹಿಡಿಯಿತು.

ನೌಕರರ ಪಿಂಚಣಿ ಯೋಜನೆ 1995ರ ಸೂತ್ರ ಸರಳವಾದದ್ದು: ಸರಾಸರಿ ವೇತನವನ್ನು ಸರ್ವಿಸ್ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಅವರ ವೇತನಕ್ಕೆ ಒಂದು ವರ್ಷದ ಸರ್ವಿಸ್ ಎಂದರೆ 60 ರೂಪಾಯಿ. 11 ವರ್ಷಕ್ಕೆ 660, 16 ವರ್ಷಕ್ಕೆ 960. ಆದರೆ 2014ರ ಸೆಪ್ಟೆಂಬರ್ 1ರಿಂದ ಸದಸ್ಯರ ಕನಿಷ್ಠ ಪಿಂಚಣಿ 1,000 ರೂಪಾಯಿ. ಸೂತ್ರದಂತೆ ಬರುವ ಮೊತ್ತ ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟನ್ನು ಕೇಂದ್ರ ಸರ್ಕಾರ ಬಜೆಟ್ ಅನುದಾನದಿಂದ ತುಂಬಿಕೊಡುತ್ತದೆ. ಆದ್ದರಿಂದ ಹಳೆಯ ಸರ್ವಿಸ್ ಸೇರಿಸದಿದ್ದರೆ ಸರ್ಕಾರ ತಿಂಗಳಿಗೆ 340 ರೂಪಾಯಿ ಸೇರಿಸಬೇಕಿತ್ತು. ಸೇರಿಸಿದ ಮೇಲೆ 40 ರೂಪಾಯಿ ಸಾಕಾಯಿತು. ಆ ಹೆಂಗಸಿಗೆ ಎರಡೂ ಲೆಕ್ಕದಲ್ಲಿ ಸಾವಿರವೇ. ಐದು ವರ್ಷದ ದುಡಿಮೆಯಿಂದ ಹುಟ್ಟಿದ 300 ರೂಪಾಯಿ ಸರ್ಕಾರದ ಹೊರೆಯನ್ನು ಇಳಿಸಿತೇ ಹೊರತು ದುಡಿದವರ ಕೈಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಲಿಲ್ಲ.

ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ಪಿಂಚಣಿ ನಿಧಿಗೆ ಮಾಲೀಕರು ವೇತನದ 8.33 ಶೇಕಡಾ ಕಟ್ಟುತ್ತಾರೆ, ಅಂದರೆ 4,200ಕ್ಕೆ ಸುಮಾರು 350 ರೂಪಾಯಿ, ಸರ್ಕಾರ 1.16 ಶೇಕಡಾ ಸೇರಿಸುತ್ತದೆ. ಪ್ರತಿ ತಿಂಗಳೂ ಅವರ ಹೆಸರಿನಲ್ಲಿ ಹಣ ಕಟ್ಟಿದ್ದು ನಿಜ. ಕನಿಷ್ಠ ಮೊತ್ತಕ್ಕಿಂತ ಕೆಳಗಿರುವವರು ಗಳಿಸಿದ ಪ್ರತಿ ರೂಪಾಯಿಗೂ ಸರ್ಕಾರ ತುಂಬಿಕೊಡುವ ಮೊತ್ತದಿಂದ ಪೂರ್ತಿ ಒಂದು ರೂಪಾಯಿ ಕಳೆಯುವ ಬದಲು ಅರ್ಧ ಮಾತ್ರ ಕಳೆದಿದ್ದರೆ, ಆ 300ರಲ್ಲಿ 150 ರೂಪಾಯಿ ಅವರಿಗೆ ಉಳಿಯುತ್ತಿತ್ತು. ಆಗ ಬೊಕ್ಕಸದ ಖರ್ಚು ಹೆಚ್ಚುತ್ತದೆ, ನಿಜ. ಆದರೆ ಈಗ ಆ ಖರ್ಚನ್ನು ತಪ್ಪಿಸುತ್ತಿರುವುದು ಕಡಿಮೆ ಕೂಲಿಗೆ ಹೆಚ್ಚು ವರ್ಷ ದುಡಿದವರ ಸರ್ವಿಸ್.

ವರ್ಗಾವಣೆಯಿಂದ ಹಳೆಯ ಖಾತೆಯ ಪಿಎಫ್ ಹಣ ಅವರಿಗೆ ಸಿಕ್ಕಿತು, ಅದೊಂದು ನಿಜವಾದ ಲಾಭ. ಅದಕ್ಕಾಗಿ ಪಿಂಚಣಿ ಅರ್ಜಿಯನ್ನು ತಡೆಹಿಡಿಯುವ ಅಗತ್ಯವಿರಲಿಲ್ಲ. ಪಿಂಚಣಿಯ ಬಾಕಿ ಒಟ್ಟಿಗೆ ಬಂದರೂ ಏಳು ತಿಂಗಳ ಸಾಲದ ಬಡ್ಡಿಯನ್ನು ಯಾರೂ ಕೊಡಲಿಲ್ಲ.

ಹಾಗೆಂದು ಹಳೆಯ ಸರ್ವಿಸ್ ಬೇಡವೆಂದು ಯಾರಿಗೂ ಹೇಳುವಂತಿಲ್ಲ. ನಮ್ಮಲ್ಲಿ ಅವರದು 9 ವರ್ಷವಾಗಿದ್ದರೆ, ಆ ಐದು ವರ್ಷವಿಲ್ಲದೆ ಪಿಂಚಣಿಯೇ ಬರುತ್ತಿರಲಿಲ್ಲ. ಒಟ್ಟು 17 ವರ್ಷವಾಗಿದ್ದರೆ 1,020 ಆಗಿ ಕನಿಷ್ಠ ಮಿತಿ ದಾಟುತ್ತಿತ್ತು. ಈಗ ಯಾರಾದರೂ ಹಳೆಯ ಕಂಪನಿಯ ಹೆಸರು ಹೇಳಿದರೆ, ಮೊದಲು 70,000ವನ್ನು ಅವರ ಸರಾಸರಿ ವೇತನದಿಂದ ಭಾಗಿಸುತ್ತೇನೆ. ಸಾವಿರ ದಾಟಲು ಎಷ್ಟು ವರ್ಷ ಬೇಕೆಂಬುದು ಅದರಿಂದ ತಿಳಿಯುತ್ತದೆ. ಆ ಸಂಖ್ಯೆಯನ್ನು ಫೈಲಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಎದುರಿಗೆ ಕುಳಿತವರಿಗೆ ತೋರಿಸಿದ ನಂತರವೇ ಫಾರಂ 13 ಕೈಗೆತ್ತಿಕೊಳ್ಳುತ್ತೇನೆ.