0.6 ಸರಿ ಅಂದ ಮಕ್ಕಳಿಗೆ 0.73 ಯಾಕೆ ತಪ್ಪಾಯಿತು

“ಪಾಠ ಹಿಡಿಸದಿದ್ದರೆ ಬದಲಾಯಿಸೋದು ಟೀಚರ್‌ಗಳು ನಾವು ದಿನಾ ಮಾಡೋ ಕೆಲಸ. ಅದನ್ನೇ ನೀವು ಮಾಡಿ ಸಂಶೋಧನೆ ಅಂತೀರಲ್ಲ, ಅದು ಹೇಗೆ ಮೇಡಂ?”

ಒಬ್ಬ ಟೀಚರ್ ನನ್ನನ್ನು ಹೀಗೆ ಕೇಳಿದರು. ನಾವು ಸಂಶೋಧಕರು ಒಂದು ಪಾಠ ತಯಾರಿಸಿ, ತರಗತಿಯಲ್ಲಿ ನಡೆಸಿ ನೋಡಿ, ಬದಲಾಯಿಸಿ, ಮತ್ತೆ ನಡೆಸುತ್ತೇವೆ, ಹೀಗೆ ಸುತ್ತು ಸುತ್ತಾಗಿ. ಪ್ರತಿ ಸಲ ಪಾಠ ಶುರುವಾಗುವ ಮೊದಲೇ ಒಂದು ಹಾಳೆಯಲ್ಲಿ ಮೂರು ವಿಷಯ ಬರೆದಿಡುತ್ತೇವೆ. ಮಕ್ಕಳ ಕೈಗೆ ಏನು ಕೊಡುತ್ತೇವೆ, ಅದನ್ನು ಹಿಡಿದು ಅವರು ಏನು ಮಾಡುತ್ತಾರೆ ಏನು ಮಾತಾಡುತ್ತಾರೆ ಅಂತ ನಮ್ಮ ಊಹೆ, ಅದರಿಂದ ಕೊನೆಗೆ ಏನು ಕಲಿಯುತ್ತಾರೆ. ಆಮೇಲೆ ತರಗತಿಯಲ್ಲಿ ನಿಜವಾಗಿ ನಡೆದದ್ದನ್ನು ಈ ಹಾಳೆಯ ಪಕ್ಕದಲ್ಲಿಟ್ಟು ನೋಡುತ್ತೇವೆ. ಎಲ್ಲ ವ್ಯತ್ಯಾಸ ಇರುವುದು ಆ ಹಾಳೆಯಲ್ಲೇ. ಒಂದು ಕೆಲಸದ ಕಥೆ ಹೇಳಿದರೆ ಇದು ಸರಿಯಾಗಿ ಗೊತ್ತಾಗುತ್ತದೆ.

ವಿಷಯ ದಶಮಾಂಶ. 0.45 ಮತ್ತು 0.6, ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ಎಷ್ಟೋ ಮಕ್ಕಳು 0.45 ಅನ್ನುತ್ತಾರೆ. “ನಲ್ವತ್ತೈದು ದೊಡ್ದು ಮಿಸ್, ಆರು ಚಿಕ್ದು.” ಇದು ನಮ್ಮ ಕಡೆಯ ಮಕ್ಕಳು ಮಾತ್ರ ಮಾಡುವ ತಪ್ಪಲ್ಲ. ಸಂಶೋಧಕಿ ಲಾರೆನ್ ರೆಸ್ನಿಕ್ ಮತ್ತು ಅವರ ಜೊತೆಗಾರರು ಅಮೆರಿಕ, ಇಸ್ರೇಲ್, ಫ್ರಾನ್ಸ್ ಮಕ್ಕಳಲ್ಲೂ ಇದನ್ನೇ ಕಂಡು 1989ರಲ್ಲಿ ಪ್ರಕಟಿಸಿದ್ದರು. ಪೂರ್ಣಸಂಖ್ಯೆಯಲ್ಲಿ ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು. ಅಲ್ಲಿ ಕಲಿತದ್ದನ್ನು ಮಕ್ಕಳು ಇಲ್ಲಿಗೂ ತರುತ್ತಾರೆ.

ಮೊದಲ ಸುತ್ತು ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ. ರೂಪಾಯಿ ಪೈಸೆ ಲೆಕ್ಕದಲ್ಲಿ ಹೇಳಿಕೊಟ್ಟರೆ 0.6 ಅಂದರೆ 60 ಪೈಸೆ ಅಂತ ಮಕ್ಕಳು ತಾವೇ ಹೇಳುತ್ತಾರೆ ಅಂತ ಹಾಳೆಯಲ್ಲಿ ಬರೆದಿದ್ದೆವು. ಮಕ್ಕಳು “ಆರು ಪೈಸೆ” ಅಂದರು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ ಕೊನೆಗೇ ಚಲಾವಣೆಯಿಂದ ಹೋದವು. ಈ ಮಕ್ಕಳು ಪೈಸೆಯನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಬೆಲೆ ಬರೆಯುವಾಗ ಚುಕ್ಕಿಯ ಆ ಕಡೆ ರೂಪಾಯಿ, ಈ ಕಡೆ ಪೈಸೆ. ಚುಕ್ಕಿ ಎರಡು ಪೂರ್ಣಸಂಖ್ಯೆಗಳ ನಡುವಿನ ಗೋಡೆಯಾಗಿಬಿಡುತ್ತದೆ. ಮಕ್ಕಳ ತಪ್ಪನ್ನು ನಾವೇ ಗಟ್ಟಿ ಮಾಡಿದ್ದೆವು.

ಎರಡನೇ ಸುತ್ತಿಗೆ, ಬೇರೆ ಶಾಲೆಯಲ್ಲಿ, ದುಡ್ಡು ಬಿಟ್ಟು ಉದ್ದಕ್ಕೆ ಬಂದೆವು. ಒಂದು ಮೀಟರ್ ಉದ್ದದ ರಟ್ಟಿನ ಪಟ್ಟಿ, ಅದರ ಹತ್ತನೇ ಒಂದು ಭಾಗದ ತುಂಡುಗಳು, ನೂರನೇ ಒಂದು ಭಾಗದ ಚೂರುಗಳು, ಎಲ್ಲ ಮೊದಲೇ ಕತ್ತರಿಸಿ ಕವರ್‌ನಲ್ಲಿ ಹಾಕಿಕೊಟ್ಟೆವು. ಮೊದಲ ದಿನ ತುಂಡನ್ನೂ ಚೂರನ್ನೂ ಪಕ್ಕಪಕ್ಕ ಇಡಿಸಿ ಯಾವುದು ದೊಡ್ಡದು ಅಂತ ಕೇಳಿದೆವು. ಎರಡು ವಾರದ ನಂತರ ಪರೀಕ್ಷೆ. 0.45, 0.6 ಪ್ರಶ್ನೆಗೆ ಹೆಚ್ಚಿನ ಮಕ್ಕಳು 0.6 ಅಂತ ಬರೆದಿದ್ದರು. ನಮಗೆ ಖುಷಿಯೋ ಖುಷಿ.

ಆ ಪರೀಕ್ಷೆಯಲ್ಲಿ ಇನ್ನೊಂದು ಜೋಡಿ ಇತ್ತು, 0.73 ಮತ್ತು 0.6. ಇದರಲ್ಲಿ ಅಂಕಿ ಜಾಸ್ತಿ ಇರುವುದೇ ದೊಡ್ಡದು, ಹಾಗಾಗಿ ಹಳೇ ತಪ್ಪು ಮಾಡುವ ಮಗುವಿಗೂ ಇದು ಸರಿಯಾಗುತ್ತದೆ. ನಮ್ಮ ಮಕ್ಕಳಲ್ಲಿ ಸುಮಾರು ಜನ ಇದಕ್ಕೂ 0.6 ಅಂತ ಬರೆದಿದ್ದರು! ಒಬ್ಬ ಹುಡುಗನನ್ನು ಕೂರಿಸಿಕೊಂಡು ಯಾಕೆ ಅಂತ ಕೇಳಿದೆ. “ಎಪ್ಪತ್ಮೂರು ಚೂರು ಮಿಸ್, ಸಣ್ಣ ಸಣ್ಣ ಚೂರು. ಆರು ದೊಡ್ಡ ತುಂಡು” ಅಂದ. ಮೊದಲ ದಿನ ನಾವು ಕೇಳಿದ ಪ್ರಶ್ನೆಯಿಂದಲೇ ಅವನು ಹೊಸ ನಿಯಮ ಮಾಡಿಕೊಂಡಿದ್ದ. ಅಂಕಿ ಕಮ್ಮಿ ಇದ್ದರೆ ತುಂಡು ದೊಡ್ಡದು, ಅದಕ್ಕೇ ಸಂಖ್ಯೆಯೂ ದೊಡ್ಡದು. ಆ ನಿಯಮಕ್ಕೆ 0.45, 0.6 ಪ್ರಶ್ನೆ ಸರಿಯಾಗಿಯೇ ಬರುತ್ತದೆ. ಒಂದೇ ಜೋಡಿ ಕೇಳಿದ್ದರೆ ನಾವು ಗೆದ್ದೆವು ಅಂತ ವರದಿ ಬರೆದು ಸುಮ್ನೆ ಮನೆಗೆ ಹೋಗಿರುತ್ತಿದ್ದೆವು. ಹಾಗಾಗಿ ನಾನು ಈಗ ಅಂಕ ಎಷ್ಟು ಬಂತು ಅಂತ ನೋಡುವುದಕ್ಕಿಂತ ಒಂದು ಮಗು ಯಾವ ಯಾವ ಜೋಡಿ ತಪ್ಪು ಮಾಡಿದೆ ಅಂತ ಮೊದಲು ನೋಡುತ್ತೇನೆ.

ಇಲ್ಲಿ ಹಾಳೆ ಕೆಲಸಕ್ಕೆ ಬಂತು. ಪಾಠ ಕೈಕೊಟ್ಟಾಗ ಮೂರು ಕಡೆ ಹುಡುಕಬೇಕು. ನಾವು ಅಂದುಕೊಂಡ ಹಾಗೆ ಪಾಠ ನಡೆಯಲೇ ಇಲ್ಲವೋ? ನಡೆಯಿತು, ಆದರೆ ಮಕ್ಕಳು ನಾವು ಊಹಿಸಿದ ಹಾಗೆ ಯೋಚಿಸಲಿಲ್ಲವೋ? ಹಾಗೇ ಯೋಚಿಸಿದರು, ಆದರೂ ಕಲಿಕೆ ಬರಲಿಲ್ಲವೋ? ಮೊದಲನೆಯದಾದರೆ ಟೀಚರ್ ಜೊತೆ ಕೂತು ತಯಾರಿ ಮಾಡಬೇಕು. ಎರಡನೆಯದಾದರೆ ಮಕ್ಕಳಿಗೆ ಕೊಟ್ಟ ಕೆಲಸ ಬದಲಾಗಬೇಕು. ಮೂರನೆಯದಾದರೆ ಕಲಿಕೆ ಹೇಗೆ ಆಗುತ್ತದೆ ಅನ್ನುವ ನಮ್ಮ ತಿಳುವಳಿಕೆಯೇ ತಪ್ಪು.

ಎರಡನೇ ಸುತ್ತಿನ ಹಾಳೆಯಲ್ಲಿ ನಾವು ಬರೆದದ್ದು ಹೀಗಿತ್ತು: “ಅಳೆಯುವಾಗ ಮಿಕ್ಕ ಜಾಗಕ್ಕೆ ತುಂಡು ಹಿಡಿಸದೆ, ಅದನ್ನೇ ಮತ್ತೆ ಹತ್ತು ಮಾಡಬೇಕು ಅಂತ ಮಕ್ಕಳು ಹೇಳುತ್ತಾರೆ.” ತರಗತಿಯ ವಿಡಿಯೋ ಪೂರ್ತಿ ನೋಡಿದೆವು. ಎಲ್ಲೂ ಯಾವ ಮಗುವೂ ಹಾಗೆ ಹೇಳಿಲ್ಲ. ಯಾಕೆ ಹೇಳಬೇಕು? ಚೂರುಗಳನ್ನು ನಾವೇ ಕತ್ತರಿಸಿ ಕೊಟ್ಟಿದ್ದೆವಲ್ಲ. ತಪ್ಪು ಎರಡನೇ ಜಾಗದಲ್ಲಿತ್ತು. ಉದ್ದದ ಮೂಲಕ ಕಲಿಸುವ ಯೋಚನೆಯನ್ನು ಬಿಡಬೇಕಾಗಿರಲಿಲ್ಲ.

ಮೂರನೇ ಸುತ್ತು ಮೈಸೂರಿನ ಒಂದು ಶಾಲೆಯಲ್ಲಿ. ಈ ಸಲ ಕೊಟ್ಟದ್ದು ಮೀಟರ್ ಪಟ್ಟಿ ಮತ್ತು ಹತ್ತನೇ ತುಂಡುಗಳು ಮಾತ್ರ. ಚೂರು ಇಲ್ಲ. ಬೆಂಚು ಅಳೆಯಿರಿ, ಪಕ್ಕದ ಗುಂಪಿಗೆ ಚೀಟಿಯಲ್ಲಿ ಬರೆದು ಕಳಿಸಿ, ಅವರು ಅಷ್ಟೇ ಉದ್ದದ ದಾರ ಕತ್ತರಿಸಲಿ ಅಂದೆವು. ಒಂದು ಗುಂಪಿಗೆ ಎರಡು ಪಟ್ಟಿ, ನಾಲ್ಕು ತುಂಡು ಆಯಿತು, ಆಮೇಲೂ ಒಂದಿಷ್ಟು ಜಾಗ ಮಿಕ್ಕಿತು. ಚೀಟಿಯಲ್ಲಿ “2.4 ಮತ್ತು ಸ್ವಲ್ಪ” ಅಂತ ಬರೆದರು. ದಾರ ಗಿಡ್ಡ ಬಂತು. ಜಗಳ ಶುರುವಾಯಿತು. “ಸ್ವಲ್ಪ ಅಂದ್ರೆ ಎಷ್ಟು ಅಂತ ಬರೀಬೇಕು ತಾನೆ?” ಅಂತ ಆ ಕಡೆಯವರು ಕೂಗಿದರು. ಕೊನೆಗೆ ಒಬ್ಬಳು ತುಂಡನ್ನು ಮೇಜಿನ ಮೇಲಿಟ್ಟು, ಸ್ಕೇಲ್ ಹಿಡಿದು ಹತ್ತು ಸಮ ಭಾಗ ಆಗುವ ಹಾಗೆ ಗೆರೆ ಎಳೆದಳು. ಮೂರು ಚೂರು ಹಿಡಿಸಿತು. 2.43.

ಆಗ 2.43 ದೊಡ್ಡದೋ 2.5 ದೊಡ್ಡದೋ ಅಂತ ಟೀಚರ್ ಕೇಳಿದರು. ಅವಳೇ ಹೇಳಿದಳು: “ನಾಲ್ಕು ತುಂಡಾದ್ಮೇಲೆ ಮೂರು ಚೂರು ಅಷ್ಟೇ ಮಿಸ್. ಐದನೇ ತುಂಡು ಆಗಕ್ಕೆ ಹತ್ತು ಚೂರು ಬೇಕು.” ಆ ಸುತ್ತಿನ ಪರೀಕ್ಷೆಯಲ್ಲಿ ಎರಡೂ ಬಗೆಯ ಜೋಡಿಗಳನ್ನು ಸರಿ ಮಾಡಿದ ಮಕ್ಕಳು ಹಿಂದಿಗಿಂತ ಜಾಸ್ತಿ ಇದ್ದರು.

ಇದರಿಂದ ಹೇಳಲಾಗದ ಮಾತೂ ಇದೆ. ಮೂರನೇ ಸುತ್ತಿನಲ್ಲಿ ಶಾಲೆ ಬೇರೆ, ಟೀಚರ್ ಬೇರೆ. ಚೂರು ತೆಗೆದದ್ದರ ಜೊತೆಗೆ ಚೀಟಿ ಆಟವನ್ನೂ ಸೇರಿಸಿದೆವು. ಯಾವುದರಿಂದ ಎಷ್ಟು ಆಯಿತು ಅಂತ ಬಿಡಿಸಿ ಹೇಳಲು ನಮಗೆ ಆಗುವುದಿಲ್ಲ. ಈ ವಿಧಾನವನ್ನು ರೂಪಿಸಿದವರಲ್ಲಿ ಒಬ್ಬರಾದ ಆನ್ ಬ್ರೌನ್ 1992ರ ಲೇಖನದಲ್ಲೇ ಎರಡು ಅಪಾಯಗಳನ್ನು ಎತ್ತಿದ್ದರು. ಹೊರಗಿನವರು ಬಂದು ಗಮನ ಕೊಟ್ಟರೆಂದೇ ಮಕ್ಕಳು ಚೆನ್ನಾಗಿ ಮಾಡಿರಬಹುದು ಅನ್ನುವುದು ಒಂದು. ರಾಶಿ ವಿಡಿಯೋದಲ್ಲಿ ನಮಗೆ ಬೇಕಾದ ತುಣುಕನ್ನೇ ಆರಿಸಿಕೊಳ್ಳುತ್ತೇವೆ ಅನ್ನುವುದು ಇನ್ನೊಂದು. ನಾನು ಮೇಲೆ ಬರೆದ ಆ ಹುಡುಗಿಯ ಮಾತೇ ಅಂಥ ತುಣುಕಾಗಬಹುದು ಅಲ್ವಾ? ಅದಕ್ಕೇ ಅವಳ ಮಾತಿನ ಜೊತೆ, ಅದೇ ದಿನ ಬೇರೆ ಗುಂಪುಗಳಲ್ಲಿ “ಮತ್ತೆ ಹತ್ತು ಮಾಡಬೇಕು” ಅನ್ನುವ ಮಾತು ಬಂತೋ ಇಲ್ಲವೋ ಅಂತ ಒಂದೊಂದಾಗಿ ಎಣಿಸುತ್ತೇವೆ. ಬಾರದ ಗುಂಪುಗಳೂ ಲೆಕ್ಕಕ್ಕೆ ಸೇರುತ್ತವೆ.

ನಾಲ್ಕನೇ ಸುತ್ತಿನಲ್ಲಿ ನಾವು ತರಗತಿಗೆ ಹೋಗುವುದಿಲ್ಲ. ಟೀಚರ್ ಒಬ್ಬರೇ, ಎರಡು ಪುಟದ ಟಿಪ್ಪಣಿ ನೋಡಿಕೊಂಡು ನಡೆಸುತ್ತಾರೆ. ಹಾಳೆ ಆಗಲೇ ಬರೆದಾಗಿದೆ. “ದಾರ ಗಿಡ್ಡ ಬಂದಾಗ ಟೀಚರ್ ತಕ್ಷಣ ಉತ್ತರ ಹೇಳಿಬಿಟ್ಟರೆ, ಮತ್ತೆ ಹತ್ತು ಮಾಡುವ ಮಾತು ಮಕ್ಕಳಿಂದ ಬರುವುದಿಲ್ಲ” ಅನ್ನುವುದು ಅದರಲ್ಲಿರುವ ಊಹೆ. ನಾವು ಹಿಂದೆ ಕೂತಿದ್ದಾಗ ಟೀಚರ್ ಹಾಗೆ ಹೇಳಿರಲಿಲ್ಲ. ನಾವು ಇಲ್ಲದಾಗ ಏನಾಗುತ್ತದೆ ಅಂತ ಈಗ ನೋಡಬೇಕು.