ಅನುವಾದದಿಂದ ಎತ್ತಿದ ಪದ್ಯಕ್ಕೆ ಆಕರ ಬರೆಯುವುದು

“ಸಾರ್, ಮೇಘದೂತದ ಕನ್ನಡ ಅನುವಾದದಿಂದ ಒಂದು ಪದ್ಯ ತೆಗೆದುಕೊಂಡಿದ್ದೇನೆ. ಅಡಿಟಿಪ್ಪಣಿಯಲ್ಲಿ ಕವಿಯ ಹೆಸರು ಹಾಕಬೇಕಾ, ಅನುವಾದಕರದ್ದಾ? ವರ್ಷ ಯಾವುದು? ಪದ್ಯದ ಸಂಖ್ಯೆ ಸಾಕಾ, ಪುಟವೂ ಬೇಕಾ?”

ಹಾಸನದಲ್ಲಿ ಕನ್ನಡ ಎಂ.ಎ. ಓದುವವರು, ಸಂಶೋಧನೆಗೆ ಹೆಸರು ನೋಂದಾಯಿಸಿಕೊಂಡ ಅಧ್ಯಾಪಕರು, ಒಮ್ಮೊಮ್ಮೆ ಸ್ಮರಣ ಸಂಚಿಕೆಗೆ ಲೇಖನ ಬರೆಯುವ ಹಿರಿಯರು ಕೂಡ ನನ್ನನ್ನು ಕೇಳುವುದು ಇದನ್ನೇ. ಅವರು ಕೇಳಿದ ಮೇಘದೂತವನ್ನೇ ಇಟ್ಟುಕೊಂಡು ಉತ್ತರಿಸುತ್ತೇನೆ. ಈ ವಿಷಯದಲ್ಲಿ ಬರುವ ತೊಡಕುಗಳೆಲ್ಲ ಆ ಒಂದು ಸಣ್ಣ ಕಾವ್ಯದಲ್ಲಿ ಸಿಗುತ್ತವೆ.

ಹೆಸರಿನ ವಿಷಯ ಬೇಗ ಮುಗಿಯುತ್ತದೆ. ಎರಡೂ ಹೆಸರು ಬೇಕು. ಯಾವುದು ಮೊದಲು ಎಂಬುದನ್ನು ನಿಮ್ಮ ಲೇಖನದ ವಿಷಯ ನಿರ್ಧರಿಸುತ್ತದೆ. ಯಕ್ಷನ ವಿರಹವನ್ನೋ ಮೋಡದ ದಾರಿಯನ್ನೋ ಕುರಿತು ಬರೆಯುತ್ತಿದ್ದರೆ ಕಾಳಿದಾಸನ ಹೆಸರು ಮೊದಲು ಬರಲಿ, ಕೃತಿಯ ಹೆಸರಾದ ಮೇಲೆ ‘ಅನು. ದ.ರಾ. ಬೇಂದ್ರೆ’ ಎಂದು ಬರಲಿ. ಬೇಂದ್ರೆಯವರು ಸಂಸ್ಕೃತದ ನಡೆಯನ್ನು ಕನ್ನಡಕ್ಕೆ ಹೇಗೆ ತಂದರು ಎಂಬುದೇ ನಿಮ್ಮ ವಿಷಯವಾಗಿದ್ದರೆ ಬೇಂದ್ರೆಯವರ ಹೆಸರನ್ನೇ ಮುಂದಿಡುವುದು ಸರಿ. ಇಂಗ್ಲಿಷ್ ವಿಭಾಗದವರು ಅನುಸರಿಸುವ ಎಂಎಲ್‌ಎ ಪದ್ಧತಿಯೂ ಇದನ್ನು ಒಪ್ಪುತ್ತದೆ. ಒಪ್ಪಲಾಗದ್ದು ಒಂದೇ. ಕನ್ನಡದ ಸಾಲುಗಳನ್ನು ಉದ್ಧರಿಸಿ ಕೆಳಗೆ ಬರೀ ‘ಕಾಳಿದಾಸ’ ಎಂದು ಬರೆದರೆ, ಕಾಳಿದಾಸ ಎಂದೂ ಬರೆಯದ ಮಾತುಗಳನ್ನು ಅವನ ತಲೆಗೆ ಕಟ್ಟಿದಂತಾಗುತ್ತದೆ, ಪದಪದಕ್ಕೂ ದುಡಿದ ಅನುವಾದಕರ ಹೆಸರೂ ಅಳಿಸಿಹೋಗುತ್ತದೆ. ಎಸ್.ವಿ. ಪರಮೇಶ್ವರ ಭಟ್ಟರೂ ಮೇಘದೂತವನ್ನು ಕನ್ನಡಿಸಿದ್ದಾರೆ. ಅನುವಾದಕರ ಹೆಸರಿಲ್ಲದಿದ್ದರೆ ಓದುಗನು ಯಾರ ಪುಸ್ತಕವನ್ನು ತೆರೆದು ನೋಡಬೇಕು?

ವರ್ಷದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿರುವುದು ಮೂರು ವರ್ಷಗಳು. ಕಾವ್ಯ ಹುಟ್ಟಿದ ಕಾಲ ಒಂದು, ಅನುವಾದ ಮೊದಲು ಅಚ್ಚಾದ ವರ್ಷ ಇನ್ನೊಂದು, ನಿಮ್ಮ ಕೈಯಲ್ಲಿರುವ ಪ್ರತಿ ಅಚ್ಚಾದ ವರ್ಷ ಮತ್ತೊಂದು. ಬೇಂದ್ರೆಯವರ ‘ಕನ್ನಡ ಮೇಘದೂತ’ ಮೊದಲು ಪ್ರಕಟವಾದದ್ದು 1943ರಲ್ಲಿ. ನಿಮ್ಮ ಗ್ರಂಥಾಲಯದ ಪ್ರತಿ ಮರುಮುದ್ರಣವಾಗಿದ್ದರೆ ಶೀರ್ಷಿಕೆಪುಟದ ಹಿಂಬದಿಯಲ್ಲಿ ಎರಡೂ ವರ್ಷಗಳು ಸಾಮಾನ್ಯವಾಗಿ ಇರುತ್ತವೆ; ರಕ್ಷಾಪುಟವನ್ನು ನೋಡಿ ಬರೆಯಬೇಡಿ, ಆ ಹಿಂಬದಿಯನ್ನು ನೋಡಿ ಬರೆಯಿರಿ. ಪುಟಸಂಖ್ಯೆ ಸೇರಿದ್ದು ಮರುಮುದ್ರಣಕ್ಕೆ, ಆದ್ದರಿಂದ ಆ ವರ್ಷವನ್ನು ಬಿಡುವಂತಿಲ್ಲ. ಅನುವಾದದ ಭಾಷೆ ಸೇರಿದ್ದು 1943ಕ್ಕೆ, ಆದ್ದರಿಂದ ಅದನ್ನು ‘ಮೊ.ಮು. 1943’ ಎಂದು ಆವರಣದಲ್ಲಿ ಕೊಡಬೇಕು. ಮರುಮುದ್ರಣದ ವರ್ಷವೊಂದನ್ನೇ ಕೊಟ್ಟರೆ, ನವೋದಯದ ನಡುವೆ ಹುಟ್ಟಿದ ಆ ಕನ್ನಡ ಮೊನ್ನೆ ಮೊನ್ನೆಯದು ಎಂದು ಓದುಗನು ತಿಳಿಯುತ್ತಾನೆ.

ಮೂಲದ ಕಾಲವನ್ನು ಬರೆಯುವಾಗ ಅದು ಎಷ್ಟು ಖಚಿತವೋ ಅಷ್ಟನ್ನು ಮಾತ್ರ ಬರೆಯಬೇಕು. ನಮ್ಮ ಜಿಲ್ಲೆಯ ಹಳೇಬೀಡು ದೋರಸಮುದ್ರವಾಗಿದ್ದ ಕಾಲದಲ್ಲಿ ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನನ ‘ಯಶೋಧರ ಚರಿತೆ’ಗೆ ಈ ಕಷ್ಟವಿಲ್ಲ. ಅದರ ಕಾಲ ಶಕ 1131ರ ಶುಕ್ಲ ಸಂವತ್ಸರ. ಶಕವರ್ಷಕ್ಕೆ 78 ಕೂಡಿಸಿದರೆ 1209 ಬರುತ್ತದೆ, ಸಂವತ್ಸರದ ಹೆಸರೂ ಅದಕ್ಕೆ ಹೊಂದುತ್ತದೆ. ಆದ್ದರಿಂದ ‘ಜನ್ನ (1209)’ ಎಂದು ‘ಸು.’ ಇಲ್ಲದೆ ಬರೆಯಬಹುದು. (ಚಾಂದ್ರಮಾನ ವರ್ಷದ ಕೊನೆಯ ತಿಂಗಳುಗಳು ಮುಂದಿನ ಜನವರಿಯ ಆಚೆಗೆ ಚಾಚುವುದರಿಂದ, ತಿಥಿ ಪುಷ್ಯ, ಮಾಘ ಅಥವಾ ಫಾಲ್ಗುಣದ್ದಾದಾಗ 79 ಕೂಡಿಸಬೇಕಾಗಬಹುದು, ತಿಂಗಳು ಗೊತ್ತಿಲ್ಲದಿದ್ದರೆ 634–35 ಎಂಬಂತೆ ಜೋಡಿವರ್ಷ ಬರೆಯುವುದು ಶಾಸನತಜ್ಞರ ರೂಢಿ.) ಕಾಳಿದಾಸನಿಗೆ ಇಂಥ ಆಧಾರವಿಲ್ಲ. ಅವನನ್ನು ನಾಲ್ಕು–ಐದನೇ ಶತಮಾನಕ್ಕೆ ಸೇರಿಸುವವರು ಹೆಚ್ಚು, ಇನ್ನೂ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಖಚಿತವಾಗಿ ಸಿಗುವುದು ಈಚಿನ ಗಡಿಯೊಂದೇ: ಶಕ 556ರ, ಅಂದರೆ 634–35ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನನ್ನೂ ಭಾರವಿಯನ್ನೂ ಹೆಸರಿಸುತ್ತಾನೆ. ಆದ್ದರಿಂದ ‘ಸು. 4–5ನೇ ಶತಮಾನ’ ಎಂದು ಬರೆಯಿರಿ. ಎಲ್ಲಿಂದಲೋ ಎತ್ತಿ ‘ಕ್ರಿ.ಶ. 400’ ಎಂದು ದುಂಡು ಸಂಖ್ಯೆ ಬರೆದರೆ, ಯಾರಿಗೂ ತಿಳಿಯದ ಸಂಗತಿ ನಿಮಗೆ ತಿಳಿದಿದೆ ಎಂದು ಸಾರಿದಂತಾಗುತ್ತದೆ.

ಇನ್ನು ಪದ್ಯದ ಸಂಖ್ಯೆ. ಪುಟ ಮುದ್ರಣದೊಂದಿಗೆ ಬದಲಾಗುತ್ತದೆ, ಪದ್ಯದ ಸಂಖ್ಯೆ ಬದಲಾಗುವುದಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಇದರಲ್ಲಿ ಅರ್ಧ ಮಾತ್ರ ನಿಜ. ಪುಟಕ್ಕಿಂತ ಪದ್ಯದ ಸಂಖ್ಯೆ ಗಟ್ಟಿ, ಆದರೆ ಅದೂ ಒಬ್ಬ ಸಂಪಾದಕರು ಕೊಟ್ಟದ್ದೇ. ವಲ್ಲಭದೇವನ ವ್ಯಾಖ್ಯಾನವನ್ನು ಅನುಸರಿಸಿದ ಪಾಠದಲ್ಲಿ ಮೇಘದೂತಕ್ಕೆ 111 ಪದ್ಯಗಳು; ಮಲ್ಲಿನಾಥನ ವ್ಯಾಖ್ಯಾನದೊಂದಿಗೆ ಅಚ್ಚಾಗುವ ಪುಸ್ತಕಗಳಲ್ಲಿ 120ರ ಆಸುಪಾಸು. ನಡುವೆ ಇರುವ ಆ ಎಂಟು–ಹತ್ತು ಪದ್ಯಗಳನ್ನು ಪ್ರಕ್ಷಿಪ್ತವೆಂದು ಕೆಲವು ಸಂಪಾದಕರು ತೆಗೆದುಬಿಡುತ್ತಾರೆ, ಕೆಲವರು ಗುರುತು ಹಾಕಿ ಉಳಿಸಿಕೊಳ್ಳುತ್ತಾರೆ. ಉಜ್ಜಯಿನಿಯ ವರ್ಣನೆಯಲ್ಲಿ ಬರುವ ‘ಹಾರಾಂಸ್ತಾರಾಂ’ ಎಂಬ ಪದ್ಯ ಅಂಥವುಗಳಲ್ಲಿ ಒಂದು. ಅಂಥ ಒಂದು ಪದ್ಯ ಹೋದರೆ ಅದರ ಮುಂದಿನ ಎಲ್ಲ ಪದ್ಯಗಳ ಸಂಖ್ಯೆಯೂ ಒಂದೊಂದು ಕೆಳಗಿಳಿಯುತ್ತದೆ. ಹೀಗಾಗಿ ಕಾವ್ಯದ ಆರಂಭದ ಪದ್ಯಗಳಿಗೆ ಎಲ್ಲ ಪುಸ್ತಕಗಳಲ್ಲೂ ಒಂದೇ ಸಂಖ್ಯೆ ಇರುತ್ತದೆ, ಮುಂದೆ ಹೋದಂತೆಲ್ಲ ಅಂತರ ಬೆಳೆಯುತ್ತದೆ. ಇದರ ಮೇಲೆ ಇನ್ನೊಂದು ವ್ಯತ್ಯಾಸವೂ ಸೇರುತ್ತದೆ: ಕೆಲವರು ಕಾವ್ಯದ ಎರಡನೆಯ ಭಾಗವಾದ ಉತ್ತರಮೇಘಕ್ಕೆ ಮತ್ತೆ ಒಂದರಿಂದ ಎಣಿಸುತ್ತಾರೆ, ಕೆಲವರು ಮೊದಲ ಭಾಗವಾದ ಪೂರ್ವಮೇಘದ ಎಣಿಕೆಯನ್ನೇ ಮುಂದುವರಿಸುತ್ತಾರೆ.

ಎರಡು ಪದ್ಯಗಳನ್ನು ಇಟ್ಟು ನೋಡೋಣ. ಹೊಗೆ, ಬೆಳಕು, ನೀರು, ಗಾಳಿ ಸೇರಿ ಆದ ಮೋಡವೆಲ್ಲಿ, ಸಮರ್ಥರಾದ ಜೀವಿಗಳು ಮುಟ್ಟಿಸಬೇಕಾದ ಸಂದೇಶವೆಲ್ಲಿ ಎಂದು ಕವಿಯೇ ನಡುವೆ ಬಂದು ಹೇಳುವ ಪದ್ಯ ‘ಧೂಮಜ್ಯೋತಿಃ’. ಅದು ಐದನೆಯದು, ಯಾವ ಪುಸ್ತಕ ತೆರೆದರೂ ಐದನೆಯದೇ. ಯಕ್ಷನು ತನ್ನ ಹೆಂಡತಿಯ ರೂಪವನ್ನು ಮೋಡಕ್ಕೆ ಬಣ್ಣಿಸುವ ‘ತನ್ವೀ ಶ್ಯಾಮಾ’ ಹಾಗಲ್ಲ. ಒಂದು ಪುಸ್ತಕದಲ್ಲಿ ಅದು ಉತ್ತರಮೇಘ 22, ಒಂದೇ ಓಟದಲ್ಲಿ ಎಣಿಸಿದ ಇನ್ನೊಂದರಲ್ಲಿ 82. ಲೇಖನದಲ್ಲಿ ‘ಮೇಘದೂತ, 22’ ಎಂದಷ್ಟೇ ಬರೆದಿದ್ದರೆ, ಹುಡುಕಲು ಹೊರಟವನು ಪೂರ್ವಮೇಘಕ್ಕೆ ಹೋಗಿ, ಅಲ್ಲಿ ದಾರಿಯ ವರ್ಣನೆ ಇರುವುದನ್ನು ಕಂಡು ನಿಮ್ಮ ಉದ್ಧರಣೆಯೇ ತಪ್ಪೆಂದು ಭಾವಿಸಬಹುದು.

ಇದಕ್ಕೆ ನಮ್ಮ ಹಳೆಯ ವ್ಯಾಖ್ಯಾನಕಾರರ ಬಳಿಯೇ ಪರಿಹಾರವಿದೆ. ಅವರು ಸಂಖ್ಯೆಯನ್ನು ನೆಚ್ಚದೆ ಪದ್ಯದ ಮೊದಲ ಮಾತನ್ನು, ಅಂದರೆ ಪ್ರತೀಕವನ್ನು ಕೊಡುತ್ತಿದ್ದರು. ನೀವೂ ಸಂಖ್ಯೆಯ ಜೊತೆಗೆ ಪ್ರತೀಕವನ್ನು ಕೊಡಿ. ಒಳ್ಳೆಯ ಸಂಸ್ಕೃತ ಆವೃತ್ತಿಗಳ ಕೊನೆಯಲ್ಲಿ ಪದ್ಯಗಳ ಅಕಾರಾದಿ ಇರುತ್ತದೆ. ‘ತನ್ವೀ ಶ್ಯಾಮಾ’ ಎಂದಿದ್ದರೆ ಓದುಗನು ತನ್ನ ಪುಸ್ತಕದಲ್ಲಿ ಯಾವ ಸಂಖ್ಯೆ ಇದ್ದರೂ ಪದ್ಯವನ್ನು ಕ್ಷಣದಲ್ಲಿ ಹುಡುಕಿಕೊಳ್ಳುತ್ತಾನೆ. ಈ ರೂಢಿಯನ್ನು ಇಂದಿನ ಪ್ರಬಂಧಗಳು ಕೈಬಿಟ್ಟಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಹಾಗಾದರೆ ಪುಟ ಬೇಕೇ? ಅನುವಾದದ ಮಾತುಗಳನ್ನೇ ಉದ್ಧರಿಸಿದ್ದರೆ ಬೇಕು, ಏಕೆಂದರೆ ಆ ಮಾತುಗಳು ಇರುವುದು ಆ ಪುಸ್ತಕದ ಆ ಪುಟದಲ್ಲಿ. ಪದ್ಯದ ಭಾವವನ್ನಷ್ಟೇ ಹೇಳಿದ್ದರೆ ಭಾಗ ಮತ್ತು ಸಂಖ್ಯೆ ಸಾಕು. ಅನುವಾದಕರ ಪ್ರಸ್ತಾವನೆಯಿಂದಲೋ ಟಿಪ್ಪಣಿಯಿಂದಲೋ ತೆಗೆದುಕೊಂಡಿದ್ದರೆ ಅದಕ್ಕೆ ಪದ್ಯಸಂಖ್ಯೆ ಇರುವುದಿಲ್ಲ, ಪುಟವೊಂದೇ ದಾರಿ. ಆಗ ಬರೆಯಬೇಕಾದದ್ದು ಅನುವಾದಕರ ಹೆಸರೇ ಹೊರತು ಕವಿಯದಲ್ಲ. ಇನ್ನೊಂದು ಸಂದರ್ಭವೂ ಉಂಟು. ಕೆಲವು ಅನುವಾದಗಳು, ವಿಶೇಷವಾಗಿ ಗದ್ಯಾನುವಾದಗಳು, ಸಂಖ್ಯೆಯನ್ನೇ ಕೊಡುವುದಿಲ್ಲ, ಅಥವಾ ಎರಡು ಮೂರು ಪದ್ಯಗಳನ್ನು ಬೆಸೆದುಬಿಟ್ಟಿರುತ್ತವೆ. ಅಂಥಲ್ಲಿ ಪುಟವನ್ನು ಕೊಟ್ಟು, ಮೂಲದ ಆವೃತ್ತಿಯೊಂದನ್ನು ನೋಡಿ ನೀವೇ ಗುರುತಿಸಿದ ಸಂಖ್ಯೆಯನ್ನು ಚೌಕ ಆವರಣದಲ್ಲಿ ಇಡಿ, ಯಾವ ಆವೃತ್ತಿ ಎಂದೂ ಒಮ್ಮೆ ಹೇಳಿ. ಚೌಕ ಆವರಣ ಕಂಡರೆ ಆ ಸಂಖ್ಯೆ ಅನುವಾದಕರದ್ದಲ್ಲ, ಲೇಖಕರು ಸೇರಿಸಿದ್ದು ಎಂದು ಓದುಗನಿಗೆ ತಿಳಿಯುತ್ತದೆ.

ಎಲ್ಲವನ್ನೂ ಸೇರಿಸಿದರೆ ಗ್ರಂಥಋಣದ ನಮೂದು ಹೀಗಿರುತ್ತದೆ: ‘ಕಾಳಿದಾಸ (ಸು. 4–5ನೇ ಶತಮಾನ), ಕನ್ನಡ ಮೇಘದೂತ, ಅನು. ದ.ರಾ. ಬೇಂದ್ರೆ, ಊರು, ಪ್ರಕಾಶಕರು, ನಿಮ್ಮ ಪ್ರತಿಯ ವರ್ಷ (ಮೊ.ಮು. 1943)’. ಲೇಖನದ ಒಳಗೆ ಉದ್ಧರಣೆಯ ಪಕ್ಕದಲ್ಲಿ ‘ಪೂರ್ವಮೇಘ 5, ಧೂಮಜ್ಯೋತಿಃ; ಅನು. ಬೇಂದ್ರೆ’ ಎಂದು ಬರೆದು ಪುಟವನ್ನು ಸೇರಿಸಿದರೆ ಆಯಿತು. ಎಪಿಎ ಪದ್ಧತಿ ಬೇಕೆಂದು ವಿಶ್ವವಿದ್ಯಾಲಯ ಹೇಳಿದ್ದರೆ, ಆ ಪದ್ಧತಿ ಮೂಲದ ಕಾಲವನ್ನೂ ಪ್ರಕಟಣೆಯ ವರ್ಷವನ್ನೂ ಓರೆಗೆರೆಯಿಂದ ಜೋಡಿಸುತ್ತದೆ, ಪ್ರಾಚೀನ ಕೃತಿಗಳಿಗೆ ಪುಟದ ಬದಲು ಅಧ್ಯಾಯ–ಪದ್ಯಗಳ ಸಂಖ್ಯೆಯನ್ನು ಕೇಳುತ್ತದೆ. ಆಗಲೂ ಭಾಗದ ಹೆಸರನ್ನು ಬಿಡಬೇಡಿ.

ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದ ಗ್ರೀಕ್ ಕೃತಿಗಳ ಬಗ್ಗೆಯೂ ಕೇಳುತ್ತಾರೆ. ಅರಿಸ್ಟಾಟಲನ ಕೃತಿಗಳಿಗೆ 1831ರ ಬರ್ಲಿನ್ ಆವೃತ್ತಿಯಲ್ಲಿ ಬೆಕ್ಕರ್ ಅಚ್ಚು ಮಾಡಿಸಿದ ಪುಟ, ಅಂಕಣ, ಸಾಲುಗಳ ಸಂಖ್ಯೆಗಳೇ ಎಲ್ಲ ಭಾಷೆಗಳಲ್ಲೂ ನಡೆದುಬಂದಿವೆ. ಕಾವ್ಯಮೀಮಾಂಸೆಯಲ್ಲಿ ದುರಂತ ನಾಟಕದ ಲಕ್ಷಣ ಹೇಳುವ ಮಾತು 6ನೇ ಅಧ್ಯಾಯದಲ್ಲಿದೆ. ಬೆಕ್ಕರ್ ಸಂಖ್ಯೆಯಲ್ಲಿ ಅದು 1449b24ರಿಂದ ಆರಂಭವಾಗುತ್ತದೆ. ಅನುವಾದದ ಅಂಚಿನಲ್ಲಿ ಈ ಸಂಖ್ಯೆ ಇದ್ದರೆ ಪುಟಕ್ಕಿಂತ ಮೊದಲು ಅದನ್ನೇ ಬರೆಯಿರಿ. ಇಲ್ಲದಿದ್ದರೆ ಅಧ್ಯಾಯವನ್ನೂ ಪುಟವನ್ನೂ ಬರೆದು, ಅನುವಾದಕರು ಯಾವ ಇಂಗ್ಲಿಷ್ ಅನುವಾದವನ್ನು ಆಧರಿಸಿದ್ದಾರೆಂದು ಮುನ್ನುಡಿಯಲ್ಲಿ ಹೇಳಿದ್ದರೆ ಆ ಅನುವಾದಕರ ಹೆಸರನ್ನೂ ನಮೂದಿನಲ್ಲಿ ಸೇರಿಸಿ.