ಬಿಲ್ ನಮ್ಮ ಹೆಸರಲ್ಲೈತೆ ಅಂದ್ರೆ ಸೇಲ್ ಪೂರ್ತಿ ನಮ್ದೇನಾ?

ನಾನು ಬಳ್ಳಾರಿಯಲ್ಲಿ ಒಂದು ಆಡಿಟ್ ಆಫೀಸಲ್ಲಿ ಕೆಲಸ ಮಾಡ್ತೀನಿ. ನಮ್ಮ ಒಬ್ಬ ಕ್ಲೈಂಟ್ ಇಲ್ಲಿನ ಜೀನ್ಸ್ ಯೂನಿಟ್‌ಗಳ ಮಾಲನ್ನ ಆನ್‌ಲೈನಲ್ಲಿ ಮಾರೋ ಆ್ಯಪ್ ನಡೆಸ್ತಾರೆ. ಈ ವರ್ಷ ಆ್ಯಪ್ ಮೇಲೆ ಆದ ಒಟ್ಟು ವ್ಯಾಪಾರ 6 ಕೋಟಿ (ಲೆಕ್ಕ ಸುಲಭ ಆಗ್ಲಿ ಅಂತ ರೌಂಡ್ ಮಾಡಿದೀನಿ, ಜಿಎಸ್‌ಟಿ ಬಿಟ್ಟು). ಬ್ಯಾಂಕಿಗೆ ಸಿಸಿ ಲಿಮಿಟ್ ಕೇಳೋದಿತ್ತು, ಹಂಗಾಗಿ ಮಾಲೀಕರು "ಪಿ ಅಂಡ್ ಎಲ್‌ನಲ್ಲಿ 6 ಕೋಟಿ ಸೇಲ್ ತೋರಿಸ್ರಿ ಸರ್, ದುಡ್ಡು ನಮ್ಮ ಅಕೌಂಟಿಗೇ ಬಂದೈತಲ್ಲ" ಅಂದ್ರು.

ದುಡ್ಡು ಯಾರ ಅಕೌಂಟಿಗೆ ಬಂತು ಅನ್ನೋದರ ಮೇಲೆ ಇದು ತೀರ್ಮಾನ ಆಗಲ್ಲ. ಸಣ್ಣ ಕಂಪನಿ ಆದ್ದರಿಂದ ಇವರಿಗೆ ಎಎಸ್ 9 ಅನ್ನೋ ಅಕೌಂಟಿಂಗ್ ಸ್ಟ್ಯಾಂಡರ್ಡ್ ಅನ್ವಯ ಆಗುತ್ತೆ, ಅದು ಏಜೆಂಟ್ ಆಗಿದ್ರೆ ಕಮಿಷನ್ ಮಾತ್ರ ಆದಾಯ ಅಂತ ಚಿಕ್ಕದಾಗಿ ಹೇಳಿ ಮುಗಿಸುತ್ತೆ, ಏಜೆಂಟ್ ಹೌದೋ ಅಲ್ಲವೋ ಅಂತ ಹೆಂಗೆ ನೋಡೋದು ಅನ್ನೋದಕ್ಕೆ ನಾವು ದೊಡ್ಡ ಕಂಪನಿಗಳಿಗಿರೋ ಸ್ಟ್ಯಾಂಡರ್ಡ್ ಇಂಡ್ ಎಎಸ್ 115ರ ಪರೀಕ್ಷೆಯನ್ನೇ ಹಿಡೀತೀವಿ. ಅದರಲ್ಲಿರೋ ಮೂಲ ಪ್ರಶ್ನೆ ಒಂದೇ, ಗಿರಾಕಿ ಕೈಗೆ ಹೋಗೋ ಮೊದಲು ಆ ಪ್ಯಾಂಟಿನ ಮೇಲೆ ಹಿಡಿತ ಯಾರದಿತ್ತು? ಅಂದ್ರೆ ಅದನ್ನ ಯಾರಿಗೆ ಮಾರಬೇಕು, ಎಲ್ಲಿಗೆ ಕಳಿಸಬೇಕು ಅಂತ ಹೇಳೋ ಅಧಿಕಾರ ಯಾರಿಗಿತ್ತು.

ಇವರ ವ್ಯಾಪಾರ ಮೂರು ತರ ನಡೆಯುತ್ತೆ. ಮೊದಲನೇದು 2 ಕೋಟಿದು, ಯೂನಿಟ್‌ನವರೇ ರೇಟ್ ಹಾಕ್ತಾರೆ, ಗಿರಾಕಿಗೆ ಬಿಲ್ಲೂ ಅವರದೇ, ಇವರಿಗೆ 15 ಪರ್ಸೆಂಟ್ ಕಮಿಷನ್. ಇದರಲ್ಲಿ ಯಾರದೂ ತಕರಾರಿಲ್ಲ, 30 ಲಕ್ಷ ಮಾತ್ರ ಆದಾಯ. ಎರಡನೇದು 1 ಕೋಟಿದು, ಹಬ್ಬದ ಸೀಸನ್ನಿಗೆ ಮುಂಚೇನೇ ಖರೀದಿ ಮಾಡಿ ಗೋಡೌನಲ್ಲಿ ಇಟ್ಟುಕೊಂಡ ಮಾಲು, ಮಾರಾಟ ಆಗದೆ ಉಳಿದ್ರೆ ಇವರ ತಲೆಗೇ, ಯೂನಿಟ್ ವಾಪಸ್ ತಗೊಳ್ಳಲ್ಲ. ಇಲ್ಲಿ ಇವರೇ ಪ್ರಿನ್ಸಿಪಲ್, ಅಂದ್ರೆ ಏಜೆಂಟ್ ಅಲ್ಲ, ತಮ್ಮದೇ ಮಾಲು ಮಾರೋರು, 1 ಕೋಟಿ ಪೂರ್ತಿ ಸೇಲ್, 85 ಲಕ್ಷ ಖರೀದಿ ಖರ್ಚು.

ನಿಜವಾದ ತಲೆನೋವು ಮೂರನೇದು, 3 ಕೋಟಿದು. ಆ್ಯಪಲ್ಲಿ ಆರ್ಡರ್ ಬಿದ್ದ ಮೇಲೆ ಯೂನಿಟ್‌ನಿಂದ ಇವರ ಹೆಸರಿಗೆ ಪರ್ಚೇಸ್ ಬಿಲ್, ಅದೇ ದಿನ ಇವರಿಂದ ಗಿರಾಕಿಗೆ ಸೇಲ್ ಬಿಲ್. 1,200ರ ಪ್ಯಾಂಟಿಗೆ 1,020ಕ್ಕೆ ಖರೀದಿ. ಟ್ಯಾಲಿಯಲ್ಲಿ ನೋಡಿದ್ರೆ ಅಪ್ಪಟ ಖರೀದಿ-ಮಾರಾಟ, ರೇಟ್ ಕೂಡ ಇವರೇ ಫಿಕ್ಸ್ ಮಾಡ್ತಾರೆ. ಬರೀ ಬಿಲ್ ನೋಡಿದೋರು ಯಾರಾದ್ರೂ ಗ್ರಾಸ್, ಅಂದ್ರೆ 3 ಕೋಟಿ ಪೂರ್ತಿ ಸೇಲ್ ಅಂತಾನೇ ಬರೀತಾರೆ.

ನಾವು ಬಿಲ್ ಫೈಲ್ ಪಕ್ಕಕ್ಕಿಟ್ಟು ರಿಟರ್ನ್ ಆದ ಮಾಲಿನ ಎಂಟ್ರಿಗಳನ್ನ ತೆಗೆಸಿದ್ವಿ. ಸೈಜ್ ಆಗಲಿಲ್ಲ, ವಾಷಿಂಗಲ್ಲಿ ಬಣ್ಣ ಹೋಗೈತೆ, ಜಿಪ್ ಸರಿಯಿಲ್ಲ, ಏನೇ ಕಾರಣಕ್ಕೆ ಪೀಸ್ ವಾಪಸ್ ಬಂದ್ರೂ ಅದೇ ವಾರ ಯೂನಿಟ್ ಮೇಲೆ 1,020ರ ಡೆಬಿಟ್ ನೋಟ್ ಬಿದ್ದೈತೆ, ಪೀಸ್ ಸೀದಾ ಯೂನಿಟ್‌ಗೆ ಹೋಗೈತೆ, ಇವರ ಸ್ಟಾಕಲ್ಲಿ ಒಂದೂ ನಿಂತಿಲ್ಲ. ಆಮೇಲೆ ಯೂನಿಟ್‌ಗೇ ಹೋಗಿ ಕೇಳಿದ್ವಿ, ಕೊರಿಯರ್‌ನವನು ಬರೋ ಮೊದಲು ಬೇರೆ ಹೋಲ್‌ಸೇಲ್‌ನವರು ಬಂದು ಅದೇ ಲಾಟ್ ಕೇಳಿದ್ರೆ ಏನ್ಮಾಡ್ತೀರಿ ಅಂತ. "ಕೊಟ್ಟುಬಿಡ್ತೀವಿ, ಆ್ಯಪಲ್ಲಿ ಸ್ಟಾಕಿಲ್ಲ ಅಂತ ಹಾಕ್ತೀವಿ" ಅಂದ್ರು. ಅಂದ್ರೆ ಪ್ಯಾಂಟ್ ಕೊರಿಯರ್ ಕೈ ಸೇರೋವರೆಗೂ ಯೂನಿಟ್‌ನ ಹಿಡಿತದಲ್ಲೇ ಐತೆ, ಇವರ ಹೆಸರಿಗೆ ಮಾಲೀಕತ್ವ ಬರೋದು ಒಂದು ಕ್ಷಣ, ಅದೂ ಕಾಗದದ ಮೇಲೆ. ಹಂಗೆ ಕ್ಷಣಮಾತ್ರ ಬಂದ ಮಾಲೀಕತ್ವದಿಂದಲೇ ಹಿಡಿತ ಬಂತು ಅಂತ ಹೇಳೋಕಾಗಲ್ಲ ಅಂತ ಸ್ಟ್ಯಾಂಡರ್ಡ್‌ನಲ್ಲೇ ಐತೆ.

ರೇಟ್ ಇವರು ಹಾಕ್ತಾರಲ್ಲ ಅಂತ ಮಾಲೀಕರು ವಾದ ಮಾಡಿದ್ರು, ಅದು ನ್ಯಾಯವಾದ ಮಾತೇ. ಆದ್ರೆ ರೇಟು ಹಾಕೋ ಸ್ವಾತಂತ್ರ್ಯ, ಸ್ಟಾಕ್ ರಿಸ್ಕ್, ಮಾಲಿನ ಮುಖ್ಯ ಜವಾಬ್ದಾರಿ ಇವು ಮೂರೂ ಹಿಡಿತ ಯಾರದು ಅಂತ ತಿಳಿಯೋ ಗುರುತುಗಳು ಅಷ್ಟೇ, ಎಣಿಸಿ ಓಟು ಹಾಕೋದಲ್ಲ. ಏಜೆಂಟಿಗೂ ಕೆಲವು ಸಲ ರೇಟಲ್ಲಿ ಸ್ವಲ್ಪ ಕೈಯಾಡಿಸೋ ಅವಕಾಶ ಇರುತ್ತೆ. ಇಲ್ಲಿ ಉಳಿದೆರಡೂ ಯೂನಿಟ್ ಕಡೆಗೇ ಬೊಟ್ಟು ಮಾಡ್ತಿದ್ವು. ಹಂಗಾಗಿ ಆದಾಯ 45 ಲಕ್ಷ ಮಾತ್ರ.

ಒಟ್ಟು ಸೇಲ್ 6 ಕೋಟಿ ಬದಲು 1 ಕೋಟಿ 75 ಲಕ್ಷ ಆಯ್ತು. ಗ್ರಾಸ್ ಪ್ರಾಫಿಟ್ ಮಾತ್ರ ಎರಡರಲ್ಲೂ ಅದೇ 90 ಲಕ್ಷ, ಒಂದು ಪೈಸೆ ಬದಲಾಗಿಲ್ಲ. ಮಾರ್ಜಿನ್ 15 ಪರ್ಸೆಂಟಿಂದ 51ಕ್ಕೆ ಹೋಯ್ತು. ಬ್ಯಾಂಕಿಗೆ ಆ್ಯಪ್ ವ್ಯಾಪಾರ 6 ಕೋಟಿ ಅಂತ ಬೇರೆ ಹಾಳೆಯಲ್ಲಿ ಧಾರಾಳವಾಗಿ ತೋರಿಸಬಹುದು, ಅದನ್ನ ಆದಾಯ ಅಂತ ಕರೆಯಬಾರದು ಅಷ್ಟೇ.

ಇನ್ನೊಂದು, ಜಿಎಸ್‌ಟಿ ರಿಟರ್ನ್‌ನಲ್ಲಿ ಮೂರನೇ ತರದ ಬಿಲ್ಲುಗಳು ಪೂರ್ತಿ ಬೆಲೆಗೇ ಹೋಗಿರ್ತಾವೆ, ಅಲ್ಲಿ ಟರ್ನೋವರ್ 4 ಕೋಟಿ 30 ಲಕ್ಷ. ಪುಸ್ತಕಕ್ಕೂ ಅದಕ್ಕೂ 2 ಕೋಟಿ 55 ಲಕ್ಷ ವ್ಯತ್ಯಾಸ, ಸರಿಯಾಗಿ ಆ 3 ಕೋಟಿಯಲ್ಲಿ ಯೂನಿಟ್‌ಗಳ ಪಾಲು. ನೋಟಿಸ್ ಬಂದಾಗ ಹುಡುಕೋದಕ್ಕಿಂತ ಈಗಲೇ ತಾಳೆಪಟ್ಟಿ ಮಾಡಿ ಫೈಲಿಗೆ ಹಾಕಿದ್ವಿ.

ಮಾಲೀಕರಿಗೆ ಗ್ರಾಸ್ ಬೇಕೇ ಬೇಕು ಅಂದ್ರೆ ಅಗ್ರಿಮೆಂಟಲ್ಲಿ ಪದ ಬದಲಾಯಿಸಿದ್ರೆ ಸಾಲದು, ಮಾಲು ಮೊದಲೇ ತಗೊಂಡು ಉಳಿದದ್ದನ್ನ ತಾವೇ ಅನುಭವಿಸಬೇಕು ಅಂತ ಹೇಳಿದ್ವಿ. ಯೋಚನೆ ಮಾಡಿ, ಚೆನ್ನಾಗಿ ಓಡೋ ಕೆಲವು ಡಿಸೈನ್ ಮಾತ್ರ ವಾಪಸ್ ಇಲ್ಲದಂಗೆ ಖರೀದಿಗೆ ತಗೊಂಡ್ರು. ಅವು ಗೋಡೌನಿಗೆ ಬಂದ ದಿನದಿಂದ ಸ್ಟಾಕಲ್ಲಿ ಕೂತಾವೆ, ಮಾರಿದಾಗ ಪೂರ್ತಿ ಸೇಲ್ ಆಗಿ ಬರ್ತಾವೆ, ಮಿಕ್ಕಿದ್ದೆಲ್ಲ ಕಮಿಷನ್ ಲೆಡ್ಜರಿಗೇ.